ಹುಟ್ಟಿದ ದಿನದಿಂದ ಐದು ವರ್ಷದವರೆಗೆ: ಮಗುವಿನ ಲಸಿಕೆ ದಿನಾಂಕಗಳ ಲೆಕ್ಕ

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮೊದಲ ಲಸಿಕೆಗಳು ಹೆರಿಗೆಯಾದ ಆಸ್ಪತ್ರೆಯಲ್ಲೇ ಸಿಗುತ್ತವೆ: ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್-ಬಿ. ಹೆಪಟೈಟಿಸ್-ಬಿ ಲಸಿಕೆಯನ್ನು 24 ಗಂಟೆಯೊಳಗೆ ಕೊಡಬೇಕು. ತಾಯಿಗೆ ಸೋಂಕಿದ್ದರೆ ಹೆರಿಗೆಯ ವೇಳೆ ಅದು ಮಗುವಿಗೆ ದಾಟಬಹುದು. ಲಸಿಕೆ ತಡವಾದಷ್ಟೂ ಅದನ್ನು ತಡೆಯುವ ಸಾಧ್ಯತೆ ಕುಗ್ಗುತ್ತದೆ.

ಮುಂದಿನ ಮೂರು ಭೇಟಿಗಳು 6, 10 ಮತ್ತು 14 ವಾರ ತುಂಬಿದಾಗ. 2025ರ ಜನವರಿ 2ರ ಗುರುವಾರ ಹುಟ್ಟಿದ ಮಗುವಿಗೆ ಇವು ಫೆಬ್ರುವರಿ 13, ಮಾರ್ಚ್ 13 ಮತ್ತು ಏಪ್ರಿಲ್ 10ರಂದು ಬರುತ್ತವೆ. ಮೂರು ಸಲವೂ ಪೆಂಟಾವೇಲೆಂಟ್ ಚುಚ್ಚುಮದ್ದು, ಪೋಲಿಯೊ ಮತ್ತು ರೋಟಾವೈರಸ್ ಹನಿಗಳಿರುತ್ತವೆ. ಮೊದಲ ಮತ್ತು ಮೂರನೇ ಭೇಟಿಯಲ್ಲಿ ಪೋಲಿಯೊ ಚುಚ್ಚುಮದ್ದು ಹಾಗೂ ನ್ಯುಮೋನಿಯಾ ತಡೆಯುವ ಪಿಸಿವಿಯೂ ಸೇರುತ್ತವೆ.

ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರದ ಅಂತರ ಬೇಕು. ಹಿಂದಿನ ಡೋಸ್‌ಗೆ ಮಗುವಿನ ದೇಹ ಪೂರ್ತಿ ಸ್ಪಂದಿಸುವ ಮೊದಲೇ ಇನ್ನೊಂದು ಕೊಟ್ಟರೆ ರಕ್ಷಣೆ ದುರ್ಬಲವಾಗಬಹುದು. ತಡವಾದರೆ ಮಾತ್ರ ಹಿಂದಿನದು ವ್ಯರ್ಥವಾಗುವುದಿಲ್ಲ. ಎರಡನೇ ಡೋಸ್ ಮಾರ್ಚ್ 20ಕ್ಕೆ ಸರಿದರೆ ಮೂರನೆಯದನ್ನು ಏಪ್ರಿಲ್ 17ಕ್ಕೆ ಗುರುತು ಹಾಕಿಕೊಂಡರಾಯಿತು. ಮೊದಲಿನಿಂದ ಶುರು ಮಾಡಬೇಕಿಲ್ಲ. ಸಣ್ಣ ನೆಗಡಿಗೆ ಲಸಿಕೆ ಮುಂದೂಡಬೇಕಾಗಿಯೂ ಇಲ್ಲ.

ದಡಾರ-ರುಬೆಲ್ಲಾ ಲಸಿಕೆ 9 ತಿಂಗಳು ತುಂಬುವವರೆಗೆ ಕಾಯುತ್ತದೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಕೆಲವು ತಿಂಗಳು ಉಳಿದು, ಲಸಿಕೆಯ ದುರ್ಬಲ ವೈರಾಣುವನ್ನೂ ಹೊಡೆದುಹಾಕುತ್ತವೆ. ಅವು ಕರಗಿದ ಮೇಲಷ್ಟೇ ಮಗು ತನ್ನದೇ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ನಮ್ಮ ಉದಾಹರಣೆಯ ಮಗುವಿಗೆ 9 ತಿಂಗಳು ತುಂಬುವುದು ಅಕ್ಟೋಬರ್ 2ಕ್ಕೆ. ಅಂದು ಗಾಂಧಿ ಜಯಂತಿಯ ರಜೆ. ಊರಿನಲ್ಲಿ ಲಸಿಕೆ ಹಾಕುವುದು ಗುರುವಾರವಾದರೆ ಅಕ್ಟೋಬರ್ 9 ಎಂದು ಬರೆದಿಟ್ಟುಕೊಳ್ಳಬೇಕು. ಆ ದಿನವೇ ಪಿಸಿವಿ ಬೂಸ್ಟರ್, ಮೂರನೇ ಪೋಲಿಯೊ ಚುಚ್ಚುಮದ್ದು ಮತ್ತು ವಿಟಮಿನ್-ಎ ದ್ರಾವಣವೂ ಸಿಗುತ್ತವೆ. ಮೆದುಳು ಜ್ವರದ ಹಾವಳಿಯಿರುವ ಜಿಲ್ಲೆಗಳಲ್ಲಿ ಅದರ ಲಸಿಕೆಯೂ ಇರುತ್ತದೆ.

ಮರೆತುಹೋಗುವ ಭಯ ಹೆಚ್ಚಿರುವುದು ಇದಾದ ಮೇಲೆ, ಏಕೆಂದರೆ ಮುಂದಿನ ಭೇಟಿಗೆ ಸುಮಾರು ಏಳು ತಿಂಗಳ ಬಿಡುವು. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾದ ಎರಡನೇ ಡೋಸ್, ಡಿಪಿಟಿ ಮತ್ತು ಪೋಲಿಯೊ ಬೂಸ್ಟರ್ ಆಗಬೇಕು. ಮೊದಲ ಡೋಸ್‌ಗೆ ಸ್ಪಂದಿಸದ ಮಕ್ಕಳಿಗೆ ದಡಾರದಿಂದ ರಕ್ಷಣೆ ಸಿಗುವುದು ಈ ಎರಡನೆಯದರಿಂದಲೇ. ಈ ಮಗುವಿಗೆ 2026ರ ಮೇ 7ರ ಗುರುವಾರ ಸೂಕ್ತ ದಿನ. ಅಲ್ಲಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್-ಎ, 2030ರ ಜನವರಿಯಲ್ಲಿ ಡಿಪಿಟಿಯ ಎರಡನೇ ಬೂಸ್ಟರ್.

ತಪಾಸಣೆಯನ್ನೂ ಇದೇ ದಿನಾಂಕಗಳಿಗೆ ಹೊಂದಿಸಬಹುದು. ಪ್ರತಿ ಭೇಟಿಯಲ್ಲೂ ತೂಕ ಮತ್ತು ಉದ್ದವನ್ನು ತಾಯಿ ಕಾರ್ಡಿನ ಬೆಳವಣಿಗೆಯ ಗೆರೆಯ ಮೇಲೆ ಗುರುತಿಸಬೇಕು. ಒಂದು ಬಿಂದುವಿಗಿಂತ ಗೆರೆಯ ದಿಕ್ಕು ಮುಖ್ಯ: ಅದು ಚಪ್ಪಟೆಯಾದರೆ ಅಥವಾ ಕೆಳಕ್ಕೆ ಬಾಗಿದರೆ ವೈದ್ಯರನ್ನು ಕಾಣಬೇಕು.