ತೀರಿದ ಸಾಲ, ತೀರದ ಬಾಕಿ

ಬೈಕ್ ಸಾಲದ ಕೊನೆಯ ಕಂತು ಕಟ್ಟಿ, ಶಾಖೆಯಿಂದ ‘ನೋ ಡ್ಯೂ’ ಪತ್ರ ಪಡೆದು ಬೀರುವಿಗೆ ಸೇರಿಸಿದವರು ಅಲ್ಲಿಗೆ ಋಣ ಹರಿಯಿತು ಅಂದುಕೊಳ್ಳುತ್ತಾರೆ. ಒಂದೆರಡು ವರ್ಷದ ಮೇಲೆ ಮನೆ ಸಾಲ ಕೇಳಲು ಹೋದಾಗ ಬೇರೆ ಬ್ಯಾಂಕಿನವರು, ‘ನಿಮ್ಮ ಸಿಬಿಲ್‌ನಲ್ಲಿ ಬಾಕಿ ತೋರಿಸ್ತಾ ಇದೆಯಲ್ಲ’ ಅನ್ನುತ್ತಾರೆ. ಬಾಕಿ ಎಷ್ಟು ಅಂದರೆ 312 ರೂಪಾಯಿ!

ನಮ್ಮ ದೇಶದಲ್ಲಿ ಸಾಲಗಾರರ ಚರಿತ್ರೆ ಇಟ್ಟುಕೊಳ್ಳುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಬ್ಯಾಂಕು ಕಳಿಸಿದ್ದನ್ನೇ ಇವು ತೋರಿಸುತ್ತವೆ. ಕೊನೆಯ ಕಂತಿನ ನಂತರ ಖಾತೆಗೆ ಬಿದ್ದ ಚಿಲ್ಲರೆ ಬಡ್ಡಿಯೋ ಶುಲ್ಕವೋ ಉಳಿದುಬಿಟ್ಟಿದ್ದರೆ, ಅಥವಾ ಸಾಲ ಮುಗಿದ ಮಾಹಿತಿ ಬ್ಯಾಂಕಿನಿಂದ ಹೋಗದೇ ಇದ್ದರೆ, ತೀರಿದ ಸಾಲ ಅಲ್ಲಿ ಜೀವಂತವಾಗಿಯೇ ಇರುತ್ತದೆ. ಬ್ಯಾಂಕು ಒಪ್ಪದೆ ಆ ಕಂಪನಿಗಳು ತಾವಾಗಿ ಒಂದಕ್ಷರ ತಿದ್ದುವುದಿಲ್ಲ. ಹಾಗಾಗಿ ಪತ್ರ ಹೋಗಬೇಕಾದದ್ದು ಶಾಖೆಗೆ.

ಮೊದಲು ವರದಿ ತರಿಸಿಕೊಳ್ಳಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ನಿಮ್ಮ ಸಾಲದ ಸಾಲು ಹುಡುಕಿ, ಬ್ಯಾಂಕು ಕೊನೆಯದಾಗಿ ಮಾಹಿತಿ ಕಳಿಸಿದ ತಾರೀಖು ನೋಡಿ. ಸಾಲ ತೀರಿಸಿ ಇನ್ನೂ ಎರಡು ಮೂರು ವಾರವಾಗಿದ್ದರೆ ಅದು ತಪ್ಪಲ್ಲ, ತಡ ಅಷ್ಟೇ. ‘ಸೆಟಲ್ಡ್’ ಎಂದಿದ್ದರೂ ದುಡುಕಬೇಡಿ. ಬ್ಯಾಂಕು ಒಂದಷ್ಟು ಹಣ ಬಿಟ್ಟುಕೊಟ್ಟು ಸಾಲ ಮುಗಿಸಿದ್ದರೆ ಆ ಮಾತು ನಿಜವೇ. ಪೂರ್ತಿ ಕಟ್ಟಿದವರ ವರದಿಯಲ್ಲಿ ಹಾಗಿದ್ದರೆ ಮಾತ್ರ ಅದು ತಪ್ಪು.

ಇನ್ನು ಪತ್ರ. ಮನೆಕಟ್ಟಿನ ಕಷ್ಟ, ಮಗಳ ಮದುವೆ, ಶಾಖೆಗೆ ಅಲೆದ ಕತೆ ಇದರಲ್ಲಿ ಬೇಡ. ಓದುವ ಅಧಿಕಾರಿಗೆ ಬೇಕಾದದ್ದು ಯಾವ ಖಾತೆ, ಏನು ತಪ್ಪು, ಏನಿರಬೇಕು, ಪುರಾವೆ ಎಲ್ಲಿ ಎಂಬುದು. ಹೀಗೆ ಬರೆಯಬಹುದು:

‘ಶಾಖಾ ವ್ಯವಸ್ಥಾಪಕರಿಗೆ. ವಿಷಯ: ದ್ವಿಚಕ್ರ ವಾಹನ ಸಾಲ ಖಾತೆ ಸಂಖ್ಯೆ (ಇಲ್ಲಿ ಪೂರ್ತಿ ಸಂಖ್ಯೆ) ಕುರಿತ ತಪ್ಪು ದಾಖಲೆಯ ತಿದ್ದುಪಡಿ. ಮಾನ್ಯರೇ, ಈ ಸಾಲವನ್ನು 14-03-2023ರಂದು ಪೂರ್ತಿ ತೀರಿಸಿದ್ದೇನೆ. ಅದೇ ತಿಂಗಳ 20ರಂದು ತಾವು ಕೊಟ್ಟ ಬಾಕಿ ಇಲ್ಲದ ಪತ್ರದ ಪ್ರತಿ ಲಗತ್ತಿಸಿದೆ. ಆದರೆ 28-05-2025ರ ಸಿಬಿಲ್ ವರದಿಯಲ್ಲಿ (ಕಂಟ್ರೋಲ್ ನಂಬರ್ ಇಲ್ಲಿ) ಖಾತೆ ಚಾಲ್ತಿಯಲ್ಲಿದೆ, 312 ರೂಪಾಯಿ ಬಾಕಿ ಇದೆ ಎಂದು ದಾಖಲಾಗಿದೆ. ಬಾಕಿ ಸೊನ್ನೆ, ಖಾತೆ ಮುಕ್ತಾಯ ಎಂದು ನಾಲ್ಕೂ ಕಂಪನಿಗಳಿಗೆ ಸರಿಯಾದ ಮಾಹಿತಿ ಕಳಿಸಿ, ನನಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ತಿದ್ದಲು ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ. ರಿಸರ್ವ್ ಬ್ಯಾಂಕಿನ ಪರಿಹಾರ ನಿಯಮದ ಗಡುವನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.’

ಕೊನೆಯ ವಾಕ್ಯದಲ್ಲಿ ಬೆದರಿಕೆಯಿಲ್ಲ, ಆದರೆ ಪತ್ರದ ತೂಕವೆಲ್ಲ ಅಲ್ಲಿದೆ. ಆ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರು ಕೊಟ್ಟ 30 ದಿನದೊಳಗೆ ಅದು ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೂ ದೂರುದಾರರಿಗೆ 100 ರೂಪಾಯಿ ಪರಿಹಾರ ಸಲ್ಲಬೇಕು. ಬ್ಯಾಂಕು ತನ್ನ ಪಾಲಿನ ಮಾಹಿತಿಯನ್ನು 21 ದಿನದೊಳಗೆ ಕಳಿಸದಿದ್ದರೆ ಪರಿಹಾರ ಕೊಡುವುದು ಬ್ಯಾಂಕೇ. ಮೇಲಿನ ಪತ್ರವನ್ನು 2025ರ ಜೂನ್ 2ರಂದು ಕೊಟ್ಟಿದ್ದರೆ ಬ್ಯಾಂಕಿನ ಗಡುವು ಜೂನ್ 23, ಒಟ್ಟು ಗಡುವು ಜುಲೈ 2. ತಿದ್ದುಪಡಿ ಜುಲೈ 20ಕ್ಕೆ ಆಯಿತೆಂದರೆ 18 ದಿನಕ್ಕೆ 1,800 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೂ ದಿನ ಎಣಿಸುವವರು ಒಬ್ಬರಿದ್ದಾರೆ ಎಂದು ಗೊತ್ತಾದರೆ ಕಡತ ಮೇಜು ಬದಲಿಸುತ್ತದೆ. ಒಂದು ಮಿತಿಯುಂಟು: ಅಂಕ, ಅಂದರೆ ಸ್ಕೋರ್, ಕಡಿಮೆ ಲೆಕ್ಕ ಹಾಕಿದ್ದಾರೆಂಬ ತಕರಾರಿಗೆ ಈ ಪರಿಹಾರ ಅನ್ವಯಿಸುವುದಿಲ್ಲ.

ದಿನ ಎಣಿಸಲು ಆರಂಭದ ತಾರೀಖು ಬೇಕಲ್ಲ? ಪತ್ರವನ್ನು ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನೋಡ್ತೀವಿ’ ಎಂದರೆ ಜಗಳ ಬೇಡ. ಅಂದೇ ಸ್ಪೀಡ್ ಪೋಸ್ಟ್ ಮಾಡಿ, ಬ್ಯಾಂಕಿನ ದೂರು ವಿಭಾಗಕ್ಕೂ ಇಮೇಲ್ ಕಳಿಸಿ ದೂರು ಸಂಖ್ಯೆ ಪಡೆಯಿರಿ. ಮೂಲ ‘ನೋ ಡ್ಯೂ’ ಪತ್ರ ಮಾತ್ರ ಯಾರ ಕೈಗೂ ಕೊಡಬೇಡಿ.

ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸಮಾಧಾನ ತಂದಿಲ್ಲ ಎಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರನ್ನು ಹಿಡಿಯಬೇಕಾಗಿಲ್ಲ. ಬ್ಯಾಂಕಿಗೆ ಮೊದಲು ಬರೆದು ಕೊಡದೆ ನೇರವಾಗಿ ಹೋದ ದೂರನ್ನು ಮಾತ್ರ ಅಲ್ಲಿ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ.