ಫ್ರಿಜ್ ಓಡುತ್ತಲೇ ಇದೆ, ಹಾಲು ಒಡೆಯುತ್ತಿದೆ

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಯ ಡಬಲ್ ಡೋರ್ ಫ್ರಿಜ್ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿಯೇ ಇತ್ತು. ಕೆಳಗಿಟ್ಟ ಹಾಲು ಮಾತ್ರ ಮರುದಿನಕ್ಕೆ ಒಡೆದುಹೋಗುತ್ತಿತ್ತು. ರಿಪೇರಿಗೆ ಬಂದವರು ಬಾಗಿಲು ತೆಗೆದವರೇ, “ಗ್ಯಾಸ್ ಹೋಗಿದೆ, ತುಂಬಿಸಬೇಕು” ಅಂದರು. ಗ್ಯಾಸ್ ಅಷ್ಟು ಖಾಲಿಯಾಗಿದ್ದರೆ ಐಸ್ ಗಟ್ಟಿಯಾಗಿ ಹೇಗಿರುತ್ತದೆ? ನನಗೆ ಅನುಮಾನ ಬಂತು.

ಈ ಬಗೆಯ ಫ್ರಿಜ್‌ನಲ್ಲಿ ತಂಪು ಮಾಡುವ ಕಾಯಿಲ್ ಫ್ರೀಜರಿನ ಹಿಂದಿನ ಹಲಗೆಯ ಮರೆಯಲ್ಲಿರುತ್ತದೆ. ಅದರ ತಣ್ಣನೆಯ ಗಾಳಿಯನ್ನು ಫ್ಯಾನ್ ಕೆಳಗೂ ತಳ್ಳುತ್ತದೆ. ಕಾಯಿಲ್ ಮೇಲೆ ಕೂರುವ ಹಿಮವನ್ನು ಆಗಾಗ ಕರಗಿಸಲು ಒಂದು ಹೀಟರ್ ಇದೆ. ಅದು ಕೆಟ್ಟರೆ ಹಿಮ ಬೆಳೆಯುತ್ತಾ ಹೋಗಿ ಗಾಳಿಯ ದಾರಿಯೇ ಮುಚ್ಚುತ್ತದೆ. ಪಕ್ಕದಲ್ಲೇ ಇರುವ ಫ್ರೀಜರ್ ಇನ್ನೂ ತಣ್ಣಗಿರುತ್ತದೆ, ಕೆಳಭಾಗ ಬೆಚ್ಚಗಾಗುತ್ತದೆ.

ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ನೆಲಕ್ಕೆ ಬಟ್ಟೆ ಹಾಸಿ, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಬೇಕು. ಆತುರಪಟ್ಟು ಚಾಕುವಿನಿಂದ ಹಿಮ ಕೆರೆಯಬಾರದು. ಕಾಯಿಲ್ ತೂತಾದರೆ ಗ್ಯಾಸ್ ನಿಜವಾಗಿಯೂ ಹೋಗುತ್ತದೆ. ಅಕ್ಕನ ಫ್ರಿಜ್ ಹೀಗೆ ಮಾಡಿದ ಮೇಲೆ ನಾಲ್ಕು ದಿನ ಹೊಸದರಂತೆ ತಂಪು ಕೊಟ್ಟು, ಐದನೆಯ ದಿನ ಮತ್ತೆ ಬೆಚ್ಚಗಾಯಿತು. ಅಲ್ಲಿಗೆ ಉತ್ತರ ಸಿಕ್ಕಂತಾಯಿತು. ಬೇರೊಬ್ಬ ಮೆಕ್ಯಾನಿಕ್ ಹಲಗೆ ಬಿಚ್ಚಿದಾಗ ಇಡೀ ಕಾಯಿಲ್ ಬಿಳಿ ಗೋಡೆಯಾಗಿತ್ತು, ಹೀಟರ್ ಸುಟ್ಟಿತ್ತು. ಗ್ಯಾಸ್ ಮುಟ್ಟದೆ ಹೀಟರ್ ಬದಲಿಸಿದರು.

ಹಿಮ ಕರಗಿದ ಮೇಲೂ ತಂಪು ಬಾರದಿದ್ದರೆ ತೊಂದರೆ ಬೇರೆ ಕಡೆ. ಫ್ರಿಜ್ ಸ್ವಲ್ಪ ಹೊತ್ತು ಓಡಿದ ಮೇಲೆ ಮೆಕ್ಯಾನಿಕ್ ಕೈಯಲ್ಲೇ ಹಲಗೆ ಬಿಚ್ಚಿಸಿ ಕಾಯಿಲ್ ನೋಡಬೇಕು. ಗ್ಯಾಸ್ ಕಡಿಮೆಯಿದ್ದರೆ ಅದು ಒಳಬರುವ ತುದಿಯ ಒಂದೆರಡು ಸುತ್ತಿನಲ್ಲಷ್ಟೇ ಹಿಮ ಕಟ್ಟಿ ಉಳಿದದ್ದು ಬೋಳಾಗಿರುತ್ತದೆ. ಸಣ್ಣ ಕೊಳವೆ ಕಟ್ಟಿಕೊಂಡಿದ್ದರೂ ಹೀಗೇ ಕಾಣಬಹುದು. ಕಂಪ್ರೆಸರಿನ ಒಳಗಿನ ವಾಲ್ವ್ ಸವೆದಿದ್ದರೆ ಮೋಟರ್ ತಿರುಗುತ್ತದೆ, ಗ್ಯಾಸ್ ಒತ್ತುವುದಿಲ್ಲ. ಕಾಯಿಲ್ ಬರೀ ತಣ್ಣಗಾಗುತ್ತದೆ, ಹಿಮ ಕೂರುವುದಿಲ್ಲ.

ಇವೆರಡರಲ್ಲೂ ಫ್ರಿಜ್‌ನ ಪಕ್ಕದ ಗೋಡೆ ಎಂದಿನಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ಕೈಯಿಂದ ಮುಟ್ಟಿ ಬೇರ್ಪಡಿಸಲಾಗದು, ಮೆಕ್ಯಾನಿಕ್ ಗೇಜ್ ಹಾಕಲೇಬೇಕು. ನಿಲ್ಲಿಸಿದಾಗ ಒಳಗಿನ ಒತ್ತಡ ಸರಿಯಿದ್ದು, ಓಡಿಸಿದಾಗ ಹೀರುವ ಕಡೆಯ ಒತ್ತಡ ಇಳಿಯದಿದ್ದರೆ ಕಂಪ್ರೆಸರ್ ಸೋತಿದೆ. ನಿಲ್ಲಿಸಿದಾಗಲೇ ಒತ್ತಡ ತೀರಾ ಕಡಿಮೆಯಿದ್ದರೆ ಸೋರಿಕೆ. ಕೆಲವು ನಿಮಿಷಕ್ಕೊಮ್ಮೆ ‘ಟಕ್’ ಎಂದು ನಿಲ್ಲುವ ಕಂಪ್ರೆಸರ್ ಓಡುತ್ತಲೇ ಇಲ್ಲ. ಅಲ್ಲಿ ಮೊದಲು ರಿಲೇ ನೋಡಿಸಿ.

ಫ್ರಿಜ್‌ನ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ. ಅದನ್ನು ಹುಡುಕಿ ಮುಚ್ಚಿ, ಫಿಲ್ಟರ್ ಬದಲಿಸಿ, ವ್ಯಾಕ್ಯೂಮ್ ಮಾಡಿ, ತೂಗಿ ತುಂಬಬೇಕು. ಹಿಂಬದಿಯ ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್: ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ಒಲೆ ಆರಿರಲಿ.