ಇಪ್ಪತ್ತು ಗುಂಟೆಗೆ ನೂರಿಪ್ಪತ್ತೈದು ಮೊಟ್ಟೆ

ರೇಷ್ಮೆ ಗೂಡಿಗೆ ಬೆಲೆ ಬಂದ ವರ್ಷ ರಾಮನಗರ, ಶಿಡ್ಲಘಟ್ಟದ ಕಡೆ ಹೊಸ ಹುಳುಮನೆಗಳು ಏಳುತ್ತವೆ. 2022ರ ಮೊದಲ ತಿಂಗಳುಗಳಲ್ಲಿ ಒಳ್ಳೆಯ ದ್ವಿತಳಿ ಗೂಡು ಕೆಜಿಗೆ ಸಾವಿರ ರೂಪಾಯಿ ಮುಟ್ಟಿತ್ತು. ಅದಕ್ಕೆ ಎರಡು ವರ್ಷ ಹಿಂದೆ ಲಾಕ್‌ಡೌನಿನಲ್ಲಿ ಅದೇ ಗೂಡನ್ನು ಕೇಳುವವರಿರಲಿಲ್ಲ. ಸಾವಿರದ ಲೆಕ್ಕ ಹಾಕಿ ಸಾಲ ಎತ್ತಿ ದೊಡ್ಡ ಮನೆ ಕಟ್ಟಿದವರಿಗೆ ಬೆಲೆ ಇಳಿದ ಮೇಲೂ ಬ್ಯಾಂಕಿನ ಕಂತು ಇಳಿಯಲಿಲ್ಲ. ಹಾಗಾಗಿ ಒಂದೆಕರೆ ಹಿಪ್ಪುನೇರಳೆ, ಒಂದು ಬೋರ್‌ವೆಲ್ಲು, ಗಂಡ ಹೆಂಡತಿ ಇಬ್ಬರ ಕೈ ಇರುವ ಮನೆಗೆ ನನ್ನ ಮಾತು ಇಷ್ಟೇ: ತೋಟವನ್ನು ಇಪ್ಪತ್ತಿಪ್ಪತ್ತು ಗುಂಟೆಯ ಎರಡು ತಾಕು ಮಾಡಿ, ಒಂದಾದ ಮೇಲೊಂದರ ಸೊಪ್ಪು ಕಟಾವಿಗೆ ಬರುವಂತೆ ಸವರಿಕೊಳ್ಳಿ.

ವಿ-1 ತಳಿಯ ಗಿಡ ಬುಡ ಕತ್ತರಿಸಿದ ಮೇಲೆ ಅರವತ್ತು ಅರವತ್ತೈದು ದಿನಕ್ಕೆ ಸೊಪ್ಪು ಕೊಡುತ್ತದೆ. ಇಡೀ ಎಕರೆಗೆ ಒಟ್ಟಿಗೆ ಹುಳು ತಂದರೆ ವರ್ಷಕ್ಕೆ ಐದು ಬೆಳೆ, ಪ್ರತಿ ಸಲ 250 ಮೊಟ್ಟೆ. ಎರಡು ತಾಕು ಮಾಡಿದರೆ ಸುಮಾರು ಮೂವತ್ತಾರು ದಿನಕ್ಕೊಂದರಂತೆ ಹತ್ತು ಬೆಳೆ, ಪ್ರತಿ ಸಲ 125 ಮೊಟ್ಟೆ. ಸೊಪ್ಪೂ ಅಷ್ಟೇ, ಗೂಡೂ ಅಷ್ಟೇ. ಆದರೆ ಮನೆ ಅರ್ಧ ಸಾಕು, ಹೊರಗಿನ ಆಳು ಕಡಿಮೆ, ಮತ್ತು ಮಾರುಕಟ್ಟೆಯ ಮುಂದೆ ವರ್ಷಕ್ಕೆ ಹತ್ತು ಸಲ ನಿಲ್ಲುತ್ತೀರಿ. ಒಂದು ಕೆಟ್ಟ ವಾರ ವರ್ಷದ ಐದರಲ್ಲೊಂದು ಭಾಗವನ್ನು ನುಂಗುವ ಬದಲು ಹತ್ತರಲ್ಲೊಂದನ್ನು ನುಂಗುತ್ತದೆ.

ಮೊಟ್ಟೆ ಅಂದರೆ ಇಲ್ಲಿ ಒಂದು ಚಿಟ್ಟೆ ಇಟ್ಟ ತತ್ತಿಗಳ ಗುಂಪು. ಒಂದರಿಂದ ಸುಮಾರು ನಾನೂರು ಹುಳು ಎಂದಿಟ್ಟುಕೊಳ್ಳಿ. 125 ಮೊಟ್ಟೆ ಎಂದರೆ ಐವತ್ತು ಸಾವಿರ ಬಾಯಿ. ಎರಡನೇ ಜ್ವರ ಕಳೆದ ಹುಳುಗಳನ್ನು ಚಾಕಿ ಕೇಂದ್ರದಿಂದ ತರುವುದು ಈಗಿನ ರೂಢಿ. ಇವಕ್ಕೆ ಸುಮಾರು 1,500 ಕೆಜಿ ಸೊಪ್ಪು ಬೇಕು. ಚಾಕಿಗೆ ಮುಂಗಡ ಕೊಡುವ ಮೊದಲು ತೋಟಕ್ಕಿಳಿದು ಅಲ್ಲಲ್ಲಿ ಹತ್ತು ಗಿಡ ಕಡಿದು, ಎಲೆ ಬಿಡಿಸಿ ತೂಗಿ ನೋಡಿ. ಮೂರಡಿಗೆ ಮೂರಡಿ ಅಂತರದಲ್ಲಿ ಇಪ್ಪತ್ತು ಗುಂಟೆಗೆ ಸುಮಾರು 2,400 ಗಿಡ. ಹತ್ತು ಗಿಡಕ್ಕೆ ಎಂಟು ಕೆಜಿ ಬಂದರೆ ತಾಕಿನಲ್ಲಿ 1,900 ಕೆಜಿ ಇದೆ, ಧೈರ್ಯವಾಗಿ ತನ್ನಿ. ಆರು ಕೆಜಿ ಬಂದರೆ ನೂರು ಮೊಟ್ಟೆಗೆ ನಿಲ್ಲಿಸಿ. ಒಟ್ಟು ಸೊಪ್ಪಿನ ನೂರಕ್ಕೆ ಎಂಬತ್ತು ಪಾಲನ್ನು ಹುಳು ಕೊನೆಯ ಏಳೆಂಟು ದಿನದಲ್ಲೇ ತಿನ್ನುವುದರಿಂದ, ಕೊರತೆ ಗೊತ್ತಾಗುವುದು ಹಿಂದಿರುಗಲು ದಾರಿಯಿಲ್ಲದಾಗ. ಆಗ ಪಕ್ಕದೂರಿನಲ್ಲಿ ಸೊಪ್ಪು ಕೊಳ್ಳಲು ಓಡಬೇಕು, ಆ ಸೊಪ್ಪಿಗೆ ಯಾವ ಔಷಧಿ ಹೊಡೆದಿದ್ದಾರೋ ದೇವರೇ ಬಲ್ಲ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದರೂ ಹುಳು ಬಾಯಲ್ಲಿ ನೀರು ಕಾರಿ ಮುದುಡಿ ಸಾಯುತ್ತವೆ. ಅನುಮಾನದ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳುವಿಗೆ ಹಾಕಿ ಕೆಲವು ಗಂಟೆ ಕಾದು ನೋಡುವುದು ಒಳ್ಳೆಯದು.

ಆಳಿನ ಕಷ್ಟ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಮೂರು, ನಾಲ್ಕನೇ ಹಂತದಲ್ಲಿ ರೆಂಬೆ ಸಮೇತ ಸೊಪ್ಪು ಹಾಕುವುದಕ್ಕೆ ಇಬ್ಬರು ಅರ್ಧ ದಿನ ದುಡಿದರೆ ಆಯಿತು. ಐದನೇ ಹಂತದಲ್ಲಿ ಕಡಿಯುವುದು, ಹೊರುವುದು, ಹರಡುವುದೇ ದಿನವಿಡೀ. ನಿಜವಾದ ಪರೀಕ್ಷೆ ಹುಳು ಹಣ್ಣಾಗುವ ದಿನ. ಹಣ್ಣಾದ ಹುಳು ಸೊಪ್ಪು ಬಿಟ್ಟು, ಮೈ ಹಳದಿ ತಿರುಗಿ ಬೆಳಕಿಗೆ ಹಿಡಿದರೆ ಒಳಗು ಕಾಣುವಷ್ಟು ತಿಳಿಯಾಗಿ, ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ. ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೆ ಕಟ್ಟದೆ ಅಲೆದಾಡಿ ಉಚ್ಚೆ ಹೊಯ್ದು ಬೇರೆ ಗೂಡನ್ನೂ ಕಲೆ ಮಾಡುತ್ತದೆ. ತಡವಾದರೆ ಹಾಸಿಗೆಯ ಕಡ್ಡಿಗಳ ನಡುವೆಯೇ ಗೂಡು ಸುತ್ತಿಬಿಡುತ್ತದೆ. ಆರಡಿ ನಾಲ್ಕಡಿಯ ಚಂದ್ರಿಕೆಗೆ ಸಾವಿರ ಹುಳುವಿನಂತೆ ಐವತ್ತು ಚಂದ್ರಿಕೆ ತುಂಬಬೇಕು.

ಈ ಕೆಲಸ ಒಂದು ದಿನಕ್ಕೆ ಮುಗಿಯುತ್ತದೋ ಮೂರು ದಿನ ಎಳೆಯುತ್ತದೋ ಎಂಬುದು ವಾರದ ಹಿಂದೆಯೇ ತೀರ್ಮಾನವಾಗಿರುತ್ತದೆ. ನಾಲ್ಕನೇ ಜ್ವರಕ್ಕೆ ಕೂತಾಗ ಸುಣ್ಣ ಉದುರಿಸಿ ಸೊಪ್ಪು ನಿಲ್ಲಿಸಬೇಕು, ಹತ್ತರಲ್ಲಿ ಒಂಬತ್ತು ಹುಳುವಾದರೂ ಪೊರೆ ಬಿಟ್ಟು ಎದ್ದ ಮೇಲೆಯೇ ಮತ್ತೆ ಹಾಕಬೇಕು. ಮೊದಲೆದ್ದವು ಹಸಿದಿವೆ ಎಂದು ಕನಿಕರಪಟ್ಟು ಸೊಪ್ಪು ಚೆಲ್ಲಿದರೆ ಅವು ಮುಂದೆ, ಉಳಿದವು ಹಿಂದೆ. ಕೊನೆಗೆ ಅದೇ ಹಾಸಿಗೆಯನ್ನು ಮೂರು ದಿನ ಕೂಲಿ ಕೊಟ್ಟು ಆರಿಸಬೇಕಾಗುತ್ತದೆ. ಹಣ್ಣಿನ ಹುಳು ಬಿಡಲು ಬರುವ ಹೆಂಗಸರ ತಂಡಕ್ಕೆ ಊರಿನ ಎಲ್ಲರ ಮನೆಯಲ್ಲೂ ಒಂದೇ ವಾರ ಹಣ್ಣಾದರೆ ಕೂಲಿ ಏರುತ್ತದೆ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ದುಡ್ಡು. ಇಪ್ಪತ್ತಡಿಗೆ ಮೂವತ್ತಡಿ ಮನೆ, ಮೂರು ಅಂತಸ್ತಿನ ಎರಡು ಸ್ಟ್ಯಾಂಡು, ಚಂದ್ರಿಕೆ ನಿಲ್ಲಿಸಲು ಗಾಳಿಯಾಡುವ ಜಗಲಿ, ಊಜಿ ನೊಣ ತಡೆಯಲು ಕಿಟಕಿಗಳಿಗೆ ಬಲೆ, ಎಲ್ಲ ಸೇರಿ ನಾಲ್ಕು ಲಕ್ಷ ಎಂದುಕೊಳ್ಳೋಣ. ರೇಷ್ಮೆ ಇಲಾಖೆಯ ಸಹಾಯಧನ ಕೈಸೇರುವುದು ಸಾಮಾನ್ಯವಾಗಿ ಕಟ್ಟಿದ ಮೇಲೆ, ಅಲ್ಲಿಯವರೆಗಿನ ಬಡ್ಡಿ ನಿಮ್ಮದೇ. ಒಂದು ಬೆಳೆಗೆ ಚಾಕಿ ಹುಳುವಿಗೆ 4,500, ಇಪ್ಪತ್ತು ಗುಂಟೆಯ ಗೊಬ್ಬರ, ಕಳೆ, ಸವರುವಿಕೆಗೆ 8,000, ಹಣ್ಣು ಬಿಡುವ ಮತ್ತು ಗೂಡು ಬಿಡಿಸುವ ಕೂಲಿ 4,000, ಬ್ಲೀಚಿಂಗ್ ಪುಡಿ, ಸುಣ್ಣ, ಚಂದ್ರಿಕೆ ಬಾಡಿಗೆ, ಸಾಗಾಟ ಎಲ್ಲ ಸೇರಿ 3,500. ಕೈಯಿಂದ ಹೋಗುವ ದುಡ್ಡು 20,000. ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ.

ನೂರು ಮೊಟ್ಟೆಗೆ 64 ಕೆಜಿಯಂತೆ 80 ಕೆಜಿ ಗೂಡು ಬಂದರೆ, 600 ರೂಪಾಯಿ ಬೆಲೆಗೆ 48,000. ಖರ್ಚು ಕಳೆದು 28,000 ಉಳಿದ ಹಾಗೆ ಕಾಣುತ್ತದೆ. 400ಕ್ಕೆ ಇಳಿದರೆ ಉಳಿಯುವುದು 12,000. ಆದರೆ ಮನೆಯವರಿಬ್ಬರ ಕೆಲಸವನ್ನು ಮೂವತ್ತಾಳು ಎಂದು ಹಿಡಿದು ದಿನಕ್ಕೆ 500ರಂತೆ 15,000, ಮನೆಯ ಸವಕಳಿ 2,000 ಸೇರಿಸಿ ನೋಡಿ: ಖರ್ಚು 37,000. ಅಂದರೆ ಕೆಜಿಗೆ 460ರ ಮೇಲೆ ಬಂದರೆ ಮಾತ್ರ ಬೇರೆಯವರ ಹೊಲದಲ್ಲಿ ಕೂಲಿ ಮಾಡುವುದಕ್ಕಿಂತ ಮೇಲು. ಬೇರೆ ಕಡೆ ಕೂಲಿಯೇ ಸಿಗದ ತಿಂಗಳಲ್ಲಿ 400ಕ್ಕೂ ಹುಳು ಮೇಯಿಸಬಹುದು, ಅದು ಬೇರೆ ಮಾತು. ಹಾಲು ರೋಗ ಬಂದು ಗೆಣ್ಣು ಊದಿದ ಹುಳುಗಳು ಸ್ಟ್ಯಾಂಡಿನ ಅಂಚಿಗೆ ಹರಿಯತೊಡಗಿ, ಬೆಳೆ ಅರ್ಧವಾದರೆ 600ರ ಬೆಲೆಯಲ್ಲೂ ಕೈಗೆ ಉಳಿಯುವುದು ನಾಲ್ಕು ಸಾವಿರ. ಬೆಲೆ ನಮ್ಮ ಕೈಲಿಲ್ಲ. ಬೆಳೆ ಬೆಳೆಯ ನಡುವೆ ಮನೆ ತೊಳೆದು, ಸೋಂಕು ಕಳೆದು ಒಂದು ವಾರ ಖಾಲಿ ಬಿಡುವುದು ನಮ್ಮ ಕೈಲಿದೆ.

ಬೆಲೆ ಯಾಕೆ ಇಷ್ಟು ಕುಣಿಯುತ್ತದೆ? 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲು ಅಗ್ಗವಾಗಿ ಇಲ್ಲಿನ ಗೂಡಿನ ಬೆಲೆ ಕುಸಿಯಿತು. ಸೀರೆಯ ವ್ಯಾಪಾರ ಮಂಕಾದರೆ, ಮಳೆ ಹಿಡಿದು ಗೂಡು ಒದ್ದೆಯಾದರೆ ರೀಲರ್ ಕೈ ಹಿಂದೆಳೆಯುತ್ತಾನೆ. ರಾಗಿಯನ್ನಾದರೆ ಮನೆಯಲ್ಲಿ ಇಟ್ಟುಕೊಂಡು ಕಾಯಬಹುದು. ಗೂಡನ್ನು ಇಟ್ಟರೆ ದಿನದಿನಕ್ಕೆ ತೂಕ ಇಳಿಯುತ್ತದೆ, ಒಂದೆರಡು ವಾರದಲ್ಲಿ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಆ ಗೂಡಿನಿಂದ ನೂಲು ಬಿಚ್ಚಲಾಗದು.

ಮಾರುಕಟ್ಟೆಯಲ್ಲಿ ರೈತನಿಗೆ ಇರುವ ಹಿಡಿತ ಸಣ್ಣದು, ಆದರೆ ಇದೆ. ಗೂಡನ್ನು ಆರನೇ ದಿನಕ್ಕೆ ಮೊದಲು ಬಿಡಿಸಬಾರದು. ಒಳಗಿನ ಕೋಶ ಇನ್ನೂ ಮೆತ್ತಗಿದ್ದರೆ ಸಾಗಾಟದಲ್ಲಿ ಒಡೆದು ಕಲೆಯಾಗುತ್ತದೆ. ರೀಲರ್ ಮೊದಲು ಮಾಡುವುದೇ ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು. ಜೋಡಿ ಗೂಡು, ಕಲೆ ಗೂಡು, ತೆಳು ಗೂಡನ್ನು ಮನೆಯಲ್ಲೇ ಬೇರೆ ಮಾಡಿ ಒಯ್ದರೆ ಲಾಟ್ ಪೂರ್ತಿಗೆ ಒಳ್ಳೆಯ ಗೂಡಿನ ಬೆಲೆ ಕೂಗುತ್ತಾರೆ. ಕಲಬೆರಕೆಯಾದರೆ ಕೆಟ್ಟ ಹಿಡಿಯೇ ಬೆಲೆ ಕಟ್ಟುತ್ತದೆ. ಹರಾಜಿನಲ್ಲಿ ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನಬಹುದು. ಆದರೆ ಎರಡನೇ ಸುತ್ತಿಗೂ ಹೆಚ್ಚದಿದ್ದರೆ ಕೊಟ್ಟು ಮನೆಗೆ ಬನ್ನಿ. ಆ ಹೊತ್ತಿಗೆ ಎರಡನೇ ತಾಕಿನ ಸೊಪ್ಪು ಕಡಿಯಲು ಬಂದಿರುತ್ತದೆ, ಮುಂದಿನ ಸಲಕ್ಕೆ 125 ಮೊಟ್ಟೆಯೋ, ನೂರೋ ಎಂದು ಚಾಕಿ ಕೇಂದ್ರದವರಿಗೆ ಹೇಳಬೇಕಾಗಿರುತ್ತದೆ.